‘ತೀರಿಕೊಂಡ’ ಎಂದಷ್ಟೇ ಬರೆಯಬೇಕಿತ್ತು

ಹೈಸ್ಕೂಲಿನಲ್ಲಿ ಕನ್ನಡ ಕಲಿಸುವವನಿಗೆ ಪಾಠದ ಜೊತೆಗೆ ಇನ್ನೊಂದಿಷ್ಟು ಕೆಲಸ ತಾನಾಗಿ ಗಂಟುಬೀಳುತ್ತದೆ. ಸ್ವಾಗತ ಭಾಷಣ, ನಿವೃತ್ತರಾದವರಿಗೆ ಮಾನಪತ್ರ, ರಾಜ್ಯೋತ್ಸವದ ವರದಿ, ಯಾರಾದರೂ ತೀರಿಕೊಂಡರೆ ಅವರ ಮನೆಗೆ ಸಂತಾಪದ ಕಾಗದ. ಧಾರವಾಡದ ಕಡೆಯ ನಮ್ಮ ಶಾಲೆಯಲ್ಲಿ ಇವೆಲ್ಲ ನನ್ನ ಪಾಲು. ಮೊದಮೊದಲು ಬೇಸರ ಪಟ್ಟುಕೊಂಡು ಬರೆಯುತ್ತಿದ್ದೆ. ಆಮೇಲೆ, ಹೇಳಲು ನಾಚಿಕೆ, ಸಂತಾಪದ ಕಾಗದದಲ್ಲಿ ಒಂದು ಬಗೆಯ ರುಚಿ ಹತ್ತಿತು. ‘ಮಾಸ್ತರ ಬರದದ್ದು ಓದಿ ಕಣ್ಣಾಗ ನೀರು ಬಂತ್ರೀ’ ಎಂದು ಯಾರೋ ಒಬ್ಬರು ಅಂದಿದ್ದರು. ಅಷ್ಟು ಸಾಕಾಯಿತು.

ಹಳೆಯ ಪಾಠಟಿಪ್ಪಣಿ ಪುಸ್ತಕವೊಂದರ ಕೊನೆಯ ಹಾಳೆಗಳಲ್ಲಿ ಸಾವಿಗೆ ನಮ್ಮಲ್ಲಿರುವ ಮೆತ್ತನೆಯ ಮಾತುಗಳನ್ನು ಬರೆದಿಟ್ಟುಕೊಳ್ಳತೊಡಗಿದೆ. ನಿಧನರಾದರು, ಕಾಲವಾದರು, ದೈವಾಧೀನರಾದರು, ವಿಧಿವಶರಾದರು, ಇಹಲೋಕ ತ್ಯಜಿಸಿದರು, ನಮ್ಮನ್ನಗಲಿದರು, ಕಣ್ಮರೆಯಾದರು, ಕೊನೆಯುಸಿರೆಳೆದರು, ಪಂಚಭೂತಗಳಲ್ಲಿ ಲೀನರಾದರು, ಚಿರನಿದ್ರೆಗೆ ಜಾರಿದರು. ಪತ್ರಿಕೆಯ ಶ್ರದ್ಧಾಂಜಲಿ ಪುಟದಲ್ಲಿ ಹೊಸದೊಂದು ಕಂಡರೆ ಅದೂ ಸೇರುತ್ತಿತ್ತು. ಇವುಗಳಲ್ಲಿ ಯಾವುದು ಹೆಚ್ಚು ಮೆದು, ಯಾವುದು ಕಡಿಮೆ ಎಂದು ನನ್ನದೇ ಒಂದು ಅಳತೆಯಿತ್ತು. ಬಾಯಿಮಾತಿನಿಂದ ಎಷ್ಟು ದೂರವೋ ಅಷ್ಟು ಮೆದು, ಉದ್ದವಾದಷ್ಟೂ ಇನ್ನೂ ಮೆದು. ‘ಸತ್ತ’ ಎಲ್ಲಕ್ಕಿಂತ ಕೆಳಗೆ, ‘ತೀರಿಕೊಂಡ’ ಅದಕ್ಕಿಂತ ಒಂದೇ ಮೆಟ್ಟಿಲು ಮೇಲೆ. ಸಮಾಸಪದಗಳೆಲ್ಲ ಅಟ್ಟದ ಮೇಲೆ.

ಗಣಿತ ಕಲಿಸುವ ಅಕ್ಕಾರ ಮಗ ತೀರಿಕೊಂಡಾಗ ಈ ಅಳತೆಗೋಲು ಕೈಯಲ್ಲಿ ಹಿಡಿದೇ ಕೂತೆ. ಅವರು ನನಗಿಂತ ಹಿರಿಯರು, ಶಾಲೆಯಲ್ಲಿ ಎಲ್ಲರಿಗೂ ಅಕ್ಕಾರು. ಹುಡುಗ ನಮ್ಮಲ್ಲೇ ಓದಿದವನು, ಬೆಂಗಳೂರಿನಲ್ಲಿ ನೌಕರಿ. ದೀಪಾವಳಿಗೆಂದು ಗೆಳೆಯನ ಕಾರು ತಗೊಂಡು ರಾತ್ರಿ ಹೊರಟಿದ್ದ. ಶಿಗ್ಗಾಂವಿ ಹತ್ತಿರ, ಇನ್ನೂ ಬೆಳಕು ಹರಿಯುವ ಮೊದಲು, ಹೈವೇ ಬದಿಗೆ ನಿಂತಿದ್ದ ಲಾರಿಗೆ ಹಿಂದಿನಿಂದ ಕಾರು ಹೋಗಿ ಬಡಿಯಿತು. ಮರುದಿನದ ಪತ್ರಿಕೆಯಲ್ಲಿ ನಾಲ್ಕು ಸಾಲಿನ ಸುದ್ದಿ ಬಂತು. ಚಾಲಕ ನಿದ್ದೆಯ ಮಂಪರಿನಲ್ಲಿದ್ದುದೇ ಕಾರಣವೆಂದು ಪೊಲೀಸರು ಶಂಕಿಸಿದ್ದಾರೆ ಎಂದು ಅದರಲ್ಲಿತ್ತು. ಸ್ಟಾಫ್ ರೂಮಿನಲ್ಲಿ ಅದನ್ನು ಗಟ್ಟಿಯಾಗಿ ಓದಿದವನು ನಾನೇ. ಇದನ್ನು ಯಾಕೆ ಹೇಳುತ್ತಿದ್ದೇನೆಂದರೆ, ಮುಂದೆ ಆದದ್ದಕ್ಕೆ ‘ನನಗೆ ಗೊತ್ತಿರಲಿಲ್ಲ’ ಎಂಬ ನೆಪ ನನಗಿಲ್ಲ.

ಅಂದು ಸಂಜೆ ಕಾಗದ ಬರೆಯಲು ಕೂತೆ. ಕಾಗದದ ತಲೆಗೆ ಬರುವ ಉಭಯಕುಶಲೋಪರಿಯ ಚಾಳಿ ಇಂಥ ಕಡೆ ಕೂಡದು, ಅಷ್ಟು ಎಚ್ಚರ ನನಗಿತ್ತು. ಮೊದಲ ಸಾಲು ‘ತಮ್ಮ ಸುಪುತ್ರ ಚಿ.’ ಎಂದು ಶುರುವಾಯಿತು. ಕಿರಿಯರ ಹೆಸರಿನ ಹಿಂದೆ ‘ಚಿ.’ ಹಾಕುವುದು ಕೈಗೆ ಕೂತುಬಿಟ್ಟ ರೂಢಿ. ಚಿರಂಜೀವಿ. ಬರೆದ ಮೇಲೆ ಕಣ್ಣಿಗೆ ಬಿದ್ದು ಎದೆ ಧಸಕ್ಕೆಂದಿತು. ಹಾಳೆ ಹರಿದುಹಾಕಿ ಬೇರೆ ತಗೊಂಡೆ. ಎಂಥ ಅನಾಹುತ ತಪ್ಪಿತು ಎಂದು ನನ್ನ ಬಗ್ಗೆ ನನಗೇ ಮೆಚ್ಚಿಗೆಯಾಯಿತು. ಆ ಮೆಚ್ಚಿಗೆಯಲ್ಲೇ ಮುಂದಿನದು ನಡೆದಿರಬೇಕು. ಎರಡನೆಯ ಹಾಳೆಯಲ್ಲಿ ‘ತೀರಿಕೊಂಡ ಸುದ್ದಿ ತಿಳಿದು’ ಎಂದು ಬರೆದೆ. ಕನ್ನಡ ಮಾಸ್ತರನ ಕಾಗದಕ್ಕೆ ಅದು ತೀರ ಸಪ್ಪೆ ಅನಿಸಿತು. ಹೊಡೆದುಹಾಕಿ ‘ಎಳೆಯ ವಯಸ್ಸಿನಲ್ಲೇ ಚಿರನಿದ್ರೆಗೆ ಜಾರಿದ ವಾರ್ತೆ’ ಎಂದು ತಿದ್ದಿದೆ. ಒಂದು ‘ಚಿರ’ವನ್ನು ತೆಗೆದು ಇನ್ನೊಂದು ‘ಚಿರ’ವನ್ನು ಒಳಗೆ ಬಿಟ್ಟುಕೊಂಡಿದ್ದೆ. ಹೆಡ್ ಮಾಸ್ತರರು, ಉಳಿದವರು ಎಲ್ಲ ಸಹಿ ಹಾಕಿದರು. ‘ಭಾಳ ಛಂದ ಆಗೇತಿ’ ಅಂದರು. ಸಾವಿನ ಕಾಗದ ಛಂದ ಆಗಿದೆ ಅಂದಾಗಲೇ ನನಗೆ ಗುಮಾನಿ ಬರಬೇಕಿತ್ತು.

ಅಕ್ಕಾರು ರಜೆ ಮುಗಿಸಿ ಬಂದರು. ಕಾಗದದ ಮಾತು ಎತ್ತಲಿಲ್ಲ. ನನ್ನ ಜೊತೆ ಮಾತು ಮೊದಲಿನಷ್ಟು ಇರಲಿಲ್ಲ, ಅದು ದುಃಖದ ಕಾರಣಕ್ಕೆ ಅಂದುಕೊಂಡೆ. ವಾರ್ಷಿಕ ಪರೀಕ್ಷೆಯ ಹೊತ್ತಿಗೆ, ಪೇಪರು ತಿದ್ದುತ್ತ ನಾವಿಬ್ಬರೇ ಕೂತಿದ್ದಾಗ, ಪೆನ್ನು ಕೆಳಗಿಡದೆಯೇ ಅವರು ಹೇಳಿದರು:

‘ಸರ, ನಿಮ್ಮ ಕಾಗದದಾಗ ನಿದ್ದಿ ಅನ್ನೂ ಮಾತು ಒಂದು ಬ್ಯಾಡಾಗಿತ್ರಿ.’

ನನಗೆ ತಕ್ಷಣ ತಿಳಿಯಲಿಲ್ಲ.

‘ಹಾವೇರಿ ದಾಟಿ ಅಂವ ಫೋನ್ ಮಾಡಿದ್ದ. ಚಾ ಕುಡ್ಯಾಕ ನಿಂತೇನಿ ಅಂದ. ನಿದ್ದಿ ಬಂದ್ರ ಗಾಡಿ ಬದಿಗೆ ಹಚ್ಚಿ ಒಂದ ತಾಸು ಮಲಕೊಳ್ಳೋ ಅಂದೆ. ಇನ್ನೇನ ಬಂದ ಬಿಟ್ಟೆ ಅವ್ವಾ ಅಂದ. ನನ್ನ ಮಗ ಸತ್ತದ್ದ ಅದಕ್ಕರೀ. ನೀವು ಅದನ್ನ ಹಾರ ಹಾಕಿ ಬರದೀರಿ.’

ತಪ್ಪಾಯಿತು ಅಂದೆ. ‘ಇರಲಿ, ನಿಮಗ ಗೊತ್ತಾಗಲಿ ಅಂತ ಹೇಳಿದೆ’ ಎಂದು ಅವರು ಮುಂದಿನ ಪೇಪರು ಎತ್ತಿಕೊಂಡರು.

ಆ ಮೇಲೆ ನೋಟ್‌ಬುಕ್ಕಿನ ಆ ಹಾಳೆಗಳನ್ನು ಇನ್ನೊಮ್ಮೆ ತೆಗೆದು ಓದಿದೆ, ಈ ಸಲ ಅವರ ಕಿವಿಯಿಂದ. ಆಗ ಹೊಳೆದದ್ದು ಇಷ್ಟು. ನಾನು ಮೆತ್ತನೆಯದೆಂದು ಎಣಿಸಿದ್ದ ಪ್ರತಿ ಮಾತಿನ ಒಳಗೂ ಒಂದು ಚಿತ್ರವಿದೆ: ನಿದ್ದೆ, ಉಸಿರು, ದಾರಿ, ದೀಪ, ಬಿಟ್ಟುಹೋಗುವುದು, ಕಾಣದಂತಾಗುವುದು. ಬಳಸಿ ಬಳಸಿ ಬರೆಯುವವನ ಪಾಲಿಗೆ ಆ ಚಿತ್ರ ಸವೆದುಹೋಗಿರುತ್ತದೆ. ‘ಚಿರನಿದ್ರೆ’ ಎಂದು ಬರೆಯುವಾಗ ನನ್ನ ಕಣ್ಣೆದುರು ಮಲಗಿದ ಮನುಷ್ಯ ಯಾರೂ ಬಂದಿರಲಿಲ್ಲ. ಹಾಗೆ ಬರದೇ ಇದ್ದುದರಿಂದಲೇ ಅದು ನನಗೆ ಮೆತ್ತಗೆ ಕಂಡದ್ದು. ಆದರೆ ಸಾವು ಆದ ಮನೆಯಲ್ಲಿ ಕಾಗದ ಓದುವವರು ಒಂದೊಂದು ಅಕ್ಷರವನ್ನೂ ಓದುತ್ತಾರೆ. ಎಲ್ಲಿ ಹೋದ, ಹೇಗೆ ಹೋದ, ನಾವು ಏನು ಮಾಡಿದ್ದರೆ ಉಳಿಯುತ್ತಿದ್ದ ಎಂಬುದೇ ತಲೆಯಲ್ಲಿ ಸುತ್ತುತ್ತಿರುವಾಗ ಸವೆದ ಚಿತ್ರಕ್ಕೆ ಮತ್ತೆ ಜೀವ ಬರುತ್ತದೆ.

ಇದಾದ ಮೇಲೆ ಯಾವ ಮಾತನ್ನೇ ಆಗಲಿ ಬರೆಯುವ ಮುನ್ನ, ಸಾವು ಆದ ರೀತಿಯ ಪಕ್ಕಕ್ಕೆ ಇಟ್ಟು ನೋಡುವುದು ರೂಢಿಯಾಯಿತು. ‘ಕೊನೆಯುಸಿರೆಳೆದರು’ ಎಂಬುದನ್ನು ಪತ್ರಿಕೆಗಳು ದಿನಾ ಬರೆಯುತ್ತವೆ. ಪುಪ್ಪುಸದ ಕಾಯಿಲೆಯಿಂದ, ಆಕ್ಸಿಜನ್ ಹಚ್ಚಿಸಿಕೊಂಡು ಮಲಗಿದ್ದವರ ಮಗಳಿಗೆ ಆ ಮಾತು ಹೋದರೆ ಅದು ಸಂತಾಪವಲ್ಲ, ಆಸ್ಪತ್ರೆಯ ಕೊನೆಯ ರಾತ್ರಿಯ ವರ್ಣನೆ. ಕೋವಿಡ್ ಕಾಲದಲ್ಲಿ ಎಷ್ಟು ಮನೆಗಳಿಗೆ ಇದೇ ಮಾತು ಹೋಯಿತೋ. ‘ಕಣ್ಮರೆಯಾದರು’ ಎಂಬುದು ಹೊಳೆಯಲ್ಲಿ ಕೊಚ್ಚಿಹೋಗಿ ದೇಹ ಸಿಗದವರ ಮನೆಯವರಿಗೆ ನಿಜವಾದ ಅರ್ಥದಲ್ಲೇ ಕೇಳಿಸುತ್ತದೆ. ‘ಬಾಳಿನ ಪಯಣ ಮುಗಿಸಿದರು’ ಎಂಬುದನ್ನು ರಸ್ತೆಯ ಮೇಲೆ ಹೋದವರಿಗೆ ಬರೆಯಬಾರದು. ‘ಮನೆಯ ದೀಪ ಆರಿತು’ ಎಂಬುದನ್ನು ಸುಟ್ಟ ಗಾಯಗಳಿಂದ ಹೋದವರಿಗೆ ಬರೆಯುವುದು ಊಹಿಸುವುದಕ್ಕೂ ಕಷ್ಟ.

‘ನಮ್ಮನ್ನಗಲಿದರು’, ‘ಬಿಟ್ಟುಹೋದರು’ ಎಂಬ ಜೋಡಿಯದು ಬೇರೆ ತೊಂದರೆ. ಇವುಗಳಲ್ಲಿ ಸತ್ತವರೇ ಎದ್ದು ಹೊರಟಂತಿದೆ. ವಯಸ್ಸಾದ ತಂದೆ ತಾಯಿಗಳ ವಿಷಯದಲ್ಲಿ ಇದು ನಡೆದುಹೋಗುತ್ತದೆ. ಆದರೆ ತಾನೇ ಜೀವ ಕಳೆದುಕೊಂಡವರ ಮನೆಗೆ ಹಾಗೆ ಬರೆದರೆ, ಅವರು ಬಾಯಿಬಿಟ್ಟು ಕೇಳಲಾರದ ಪ್ರಶ್ನೆಯನ್ನು ನಾವೇ ಬರೆದು ಕಳಿಸಿದಂತೆ. ‘ದೈವಾಧೀನ’, ‘ವಿಧಿವಶ’ಗಳಲ್ಲಿ ಹೊರಟವರು ಸತ್ತವರಲ್ಲ, ಕರೆದುಕೊಂಡವನು ಒಬ್ಬನಿದ್ದಾನೆ. ಎಂಬತ್ತು ದಾಟಿದ ಅಜ್ಜನನ್ನು ದೇವರು ಕರೆದುಕೊಂಡ ಎಂದರೆ ಯಾರೂ ತಕರಾರು ಮಾಡುವುದಿಲ್ಲ. ಎಳೆಯ ಮಗುವಿನ ತಾಯಿ ಮಾತ್ರ ಯಾಕೆ ಕರಕೊಂಡ ಎಂದು ಕೇಳಿಯೇ ಕೇಳುತ್ತಾಳೆ, ಬರೆದವನ ಬಳಿ ಅದಕ್ಕೆ ಉತ್ತರ ಇರುವುದಿಲ್ಲ.

ಇನ್ನು ಸತ್ತವರು ಎಲ್ಲಿಗೆ ಸೇರಿದರು ಎಂದು ಹೇಳುವ ಮಾತುಗಳು. ಲಿಂಗೈಕ್ಯ, ಶಿವೈಕ್ಯ, ವೈಕುಂಠವಾಸಿ, ಪರಮಪದ, ಕ್ರೈಸ್ತರಲ್ಲಿ ದೇವರ ಸನ್ನಿಧಿ, ನಮ್ಮ ಕಡೆ ಮುಸಲ್ಮಾನರ ಬಗ್ಗೆ ಪೈಗಂಬರವಾಸಿ. ಇವು ಮೆತ್ತನೆಯ ಮಾತುಗಳೇ ಅಲ್ಲ, ಒಂದೊಂದು ಮನೆಯ ನಂಬಿಕೆಯ ಮಾತುಗಳು. ಹೀಗೆ ಬೇರೆ ಬೇರೆ ಇರುವುದು ಇಂದಿನದೂ ಅಲ್ಲ. ಶ್ರವಣಬೆಳಗೊಳದ ಚಿಕ್ಕಬೆಟ್ಟದ ಬಂಡೆಗಳ ಮೇಲೆ 7ನೆಯ ಶತಮಾನದಿಂದ ಕಾಣುವ ಶಾಸನಗಳು, ಉಪವಾಸದ ವ್ರತ ಹಿಡಿದು ದೇಹ ಬಿಟ್ಟ ಜೈನ ಮುನಿಗಳಿಗೆ ‘ಮುಡಿಪು’ ಎಂಬ ಕ್ರಿಯಾಪದ ಬಳಸುತ್ತವೆ. ವ್ರತ ನೋಂತವನು ಮುಡಿಪಿದ. ಊರಿನ ದನ ಬಿಡಿಸಲು ಹೋಗಿ ಬಿದ್ದವನ ವೀರಗಲ್ಲಿನಲ್ಲಿ ಅದೇ ಕಾಲದ ಕನ್ನಡ ‘ಸತ್ತ’ ಎಂದು ನೇರವಾಗಿ ಹೇಳಲು ಅಂಜಲಿಲ್ಲ. ಕಲ್ಲಿನ ಕೆಳಗಿನ ಪಟ್ಟಿಕೆಯಲ್ಲಿ ಕಾದಾಟ, ನಡುವೆ ಅಪ್ಸರೆಯರು, ಮೇಲೆ ಸ್ವರ್ಗ. ಹೇಗೆ ಸತ್ತ ಎಂಬುದನ್ನು ಮುಚ್ಚದೆಯೇ ಮೇಲಕ್ಕೆ ಒಯ್ದಿದ್ದಾರೆ. ಅವರವರ ಸಾವಿಗೆ ಅವರವರ ಮಾತು. ಹೊರಗಿನವನಾಗಿ ನಾನು ಅದನ್ನು ಊಹಿಸಲು ಹೋಗಬಾರದು. ಮನೆಯವರ ಕಾರ್ಡು ಬರುತ್ತದೆ, ಶಿವಗಣಾರಾಧನೆಯದೋ ವೈಕುಂಠ ಸಮಾರಾಧನೆಯದೋ. ಅದರಲ್ಲಿ ಅವರು ಏನು ಬರೆಸಿದ್ದಾರೋ ಅದೇ ನನಗೂ ಸರಿ. ಕಾರ್ಡು ಬರುವ ಮೊದಲೇ ಬರೆಯುವುದಾದರೆ ಊಹೆಗೆ ಕೈಹಾಕುವುದಿಲ್ಲ. ಅಡ್ಡಹೆಸರು ನೋಡಿ ‘ಲಿಂಗೈಕ್ಯ’ ಎಂದು ಬರೆದು, ಆ ಮನೆಯವರು ಬೇರೆಯೇ ಎಂದು ಆಮೇಲೆ ತಿಳಿದು ಪೇಚಾಡಿದವರನ್ನು ನಾನು ಬಲ್ಲೆ.

ಇಷ್ಟೆಲ್ಲ ಕಳೆದರೆ ಕೈಯಲ್ಲಿ ಉಳಿಯುವುದು ನಾನು ಹೊಡೆದುಹಾಕಿದ್ದ ‘ತೀರಿಕೊಂಡ’. ನಾಲ್ವತ್ತು ಮಕ್ಕಳಿಗೆ ವ್ಯಾಕರಣ ಹೇಳುವವನು ಅದರ ಗುಣವನ್ನು ತಡವಾಗಿ ಕಂಡೆ. ಅದರಲ್ಲಿ ಕರೆದುಕೊಂಡವರಿಲ್ಲ, ಹೋದ ಊರಿಲ್ಲ, ಮಲಗಿದ ಹಾಸಿಗೆಯಿಲ್ಲ. ಇದ್ದದ್ದು ಮುಗಿಯಿತು, ಅಷ್ಟೇ. ಎಲ್ಲ ಜಾತಿ ಮತದವರೂ ಆಡುತ್ತಾರೆ, ಆಡುವಾಗ ದನಿ ತಾನಾಗಿ ತಗ್ಗುತ್ತದೆ. ಇನ್ನೊಂದು ಸಂಗತಿ. ನಮ್ಮ ಗೌರವದ ಮಾತುಗಳೆಲ್ಲ ಬಹುವಚನಕ್ಕೆ ಹೊಲಿದಿಟ್ಟವು. ‘ನಿಧನರಾದರು’ ಸರಿ, ‘ನಿಧನನಾದ’ ಎಂದರೆ ನಾಲಿಗೆ ಎಡವುತ್ತದೆ. ‘ದೈವಾಧೀನನಾದ’ ಎಂದು ಇಪ್ಪತ್ತಮೂರರ ಹುಡುಗನ ಬಗ್ಗೆ ಯಾವ ತಾಯಿಯೂ ಅನ್ನುವುದಿಲ್ಲ. ಹಿರಿಯರ ಸಾವಿಗೆ ಮಾಡಿಟ್ಟ ಅಂಗಿ ಅದು, ಹುಡುಗನ ಮೈಗೆ ಬರುವುದಿಲ್ಲ. ‘ತೀರಿಕೊಂಡ, ತೀರಿಕೊಂಡಳು, ತೀರಿಕೊಂಡರು’ ಎಲ್ಲರಿಗೂ ಒಪ್ಪುತ್ತದೆ. ‘ತೀರಿಕೊಂಡ ಸುದ್ದಿ’ ಎಂದು ಕೃದಂತದಲ್ಲಿ ನಿಲ್ಲಿಸಿದರೆ ಅವನೋ ಅವರೋ ಎಂಬ ಇಕ್ಕಟ್ಟೂ ಇಲ್ಲ. ಸಹೋದ್ಯೋಗಿಯ ಮಗನನ್ನು ಏಕವಚನದಲ್ಲಿ ಕರೆಯುವಷ್ಟು ಸಲಿಗೆ ಇಲ್ಲದವರಿಗೆ ಇದು ದೊಡ್ಡ ಅನುಕೂಲ.

ಅಕ್ಕಾರು ತಮ್ಮ ಬಾಯಿಂದ ‘ನನ್ನ ಮಗ ಸತ್ತದ್ದು’ ಎಂದರಲ್ಲ, ಹಾಗಾದರೆ ನಾವೂ ಹಾಗೇ ಬರೆಯಬಹುದೇ ಎಂದು ಯಾರಾದರೂ ಕೇಳಬಹುದು. ಬರೆಯಬಾರದು. ಆ ಮಾತು ಅವರದು. ಸ್ವಂತ ದುಃಖದ ಮೇಲೆ ಅವರಿಗಿರುವ ಹಕ್ಕು ಸಹಿ ಹಾಕಿದ ಹನ್ನೆರಡು ಜನಕ್ಕೆ ಬರುವುದಿಲ್ಲ. ವಿಚಿತ್ರವೆಂದರೆ ಕ್ರಿಯಾಪದಕ್ಕಿರುವ ಈ ಒರಟುತನ ನಾಮಪದಕ್ಕಿಲ್ಲ. ‘ನಿಮ್ಮ ಮಗ ಸತ್ತದ್ದು ಕೇಳಿ’ ಎಂದರೆ ಬಾರಿಸಿದಂತಾಗುತ್ತದೆ, ‘ನಿಮ್ಮ ಮಗನ ಸಾವು’ ಎಂದರೆ ಹಾಗಾಗುವುದಿಲ್ಲ. ಕಾಗದದಲ್ಲಿ ಎರಡನೆಯ ಸಲ ಹೇಳಬೇಕಾಗಿ ಬಂದರೆ ಈಗ ನಾನು ‘ಸಾವು’ ಎಂದೇ ಬರೆಯುತ್ತೇನೆ. ‘ದಿವಂಗತ’ ಎಂದು ಹೆಸರಿನ ಹಿಂದೆ ಅಂಟಿಸುವುದನ್ನು ಮಾತ್ರ ಮೊದಲ ಕಾಗದದಲ್ಲಿ ಬಿಟ್ಟಿದ್ದೇನೆ. ಆ ಪಟ್ಟ ಕಟ್ಟಲು ಮುನಿಸಿಪಾಲಿಟಿಯ ಮರಣ ಪ್ರಮಾಣಪತ್ರವಿದೆ, ಬ್ಯಾಂಕಿನ ಅರ್ಜಿಗಳಿವೆ. ಆ ಕಾಗದಗಳಲ್ಲಿ ‘ಮೃತರ ಹೆಸರು’ ಎಂಬ ಅಂಕಣ ಇದ್ದೇ ಇರುತ್ತದೆ.

ಅಂದು ಬರೆಯಬೇಕಿದ್ದ ಕಾಗದವನ್ನು ಆಮೇಲೆ ಒಮ್ಮೆ ಬರೆದು ನೋಡಿದೆ. ಕಳಿಸುವುದಕ್ಕಲ್ಲ. ಹುಡುಗನ ಹೆಸರನ್ನು ಇಲ್ಲಿ ಕೊಟ್ಟಿಲ್ಲ, ಕಾಗದದಲ್ಲಿ ‘ನಿಮ್ಮ ಮಗ’ ಎಂಬುದರ ಜೊತೆಗೆ ಅದು ಇರಬೇಕು.

‘ಅಕ್ಕಾರೆ, ನಿಮ್ಮ ಮಗ ತೀರಿಕೊಂಡ ಸುದ್ದಿ ನಿನ್ನೆ ಮುಂಜಾನೆ ತಿಳಿಯಿತು. ಎಂಟನೆಯ ತರಗತಿಯಲ್ಲಿ ನಾನು ಅವನಿಗೆ ಕನ್ನಡ ಕಲಿಸಿದ್ದೆ. ಪ್ರಬಂಧವನ್ನೂ ಲೆಕ್ಕದ ಹಾಗೆ ಒಂದು, ಎರಡು, ಮೂರು ಎಂದು ನಂಬರು ಹಾಕಿ ಬರೆಯುತ್ತಿದ್ದ. ಬೈದರೆ, ನಮ್ಮವ್ವ ಹಿಂಗ ಕಲಿಸ್ಯಾಳ್ರಿ ಅನ್ನುತ್ತಿದ್ದ. ನಿಮ್ಮ ಹತ್ತನೆಯ ತರಗತಿಯ ಪೀರಿಯಡ್ಡುಗಳನ್ನು ನಾವು ಹಂಚಿಕೊಂಡಿದ್ದೇವೆ. ಕಿರುಪರೀಕ್ಷೆಯ ಪೇಪರುಗಳನ್ನೂ ತಿದ್ದಿ ಇಡುತ್ತೇವೆ. ನೀವು ಬರುವ ತನಕ ಆ ಕಡೆಯ ಚಿಂತೆ ಬೇಡ. ಶನಿವಾರ ನಾವು ಮೂವರು ಮನೆಗೆ ಬರುತ್ತೇವೆ.’

ಇದರಲ್ಲಿ ಸಾವಿನ ಮಾತು ಒಂದೇ ಕಡೆ ಇದೆ, ಮೊದಲ ಸಾಲಿನಲ್ಲಿ. ಹೇಳಬೇಕಾದ್ದನ್ನು ಒಮ್ಮೆ ಹೇಳಿ ಮುಂದಕ್ಕೆ ಹೋಗಿದೆ. ಅಪಘಾತದ ಸುದ್ದಿಯೇ ಇಲ್ಲ, ಯಾಕೆಂದರೆ ಅದು ನಮಗಿಂತ ಅವರಿಗೆ ಚೆನ್ನಾಗಿ ಗೊತ್ತು. ನಾನು ಕಳಿಸಿದ್ದ ಕಾಗದದಲ್ಲಿ ಇದು ತಿರುವುಮುರುವಾಗಿತ್ತು. ಸಾವಿಗೆ ಮೂರು ಅಲಂಕಾರ, ತುಂಬಲಾರದ ನಷ್ಟ, ಆತ್ಮಕ್ಕೆ ಶಾಂತಿ, ದುಃಖ ಭರಿಸುವ ಶಕ್ತಿ. ಹುಡುಗನ ಬಗ್ಗೆ ಅವನ ಹೆಸರು ಬಿಟ್ಟರೆ ಒಂದು ಅಕ್ಷರವೂ ಇರಲಿಲ್ಲ. ಮೆತ್ತನೆಯ ಮಾತು ಹುಡುಕುವುದರಲ್ಲಿ ಸಂಜೆ ಕಳೆದಿದ್ದೆ, ನಂಬರು ಹಾಕಿ ಬರೆದ ಪ್ರಬಂಧ ನೆನಪಿಗೇ ಬಂದಿರಲಿಲ್ಲ.

ಎಲ್ಲ ಸಾವಿಗೂ ‘ತೀರಿಕೊಂಡ’ ಸಾಕಾಗುತ್ತದೆ ಎಂದಲ್ಲ. ನಮ್ಮ ಆಫೀಸಿನ ಕ್ಲಾರ್ಕ್ ಹುಡುಗಿಗೆ ಹುಟ್ಟಿದ ಕೂಸು ಉಳಿಯಲಿಲ್ಲ. ಆ ಕೂಸಿಗೆ ಇನ್ನೂ ಹೆಸರಿಟ್ಟಿರಲಿಲ್ಲ. ‘ತೀರಿಕೊಂಡಿತು’ ಎಂದರೆ ಬಾಳಿ ಮುಗಿಸಿದಂತೆ ಕೇಳುತ್ತದೆ, ‘ನಿಧನ’ ಅಂತೂ ಆಗದು. ಅವಳ ಅತ್ತೆ ಬಂದವರಿಗೆಲ್ಲ ‘ಕೂಸು ದಕ್ಕಲಿಲ್ರಿ’ ಅನ್ನುತ್ತಿದ್ದರು. ನಮ್ಮ ಹಳ್ಳಿಗಳಲ್ಲಿ ಇದಕ್ಕೆ ಇರುವ ಮಾತೇ ಅದು. ಕೇಳಲು ಎಷ್ಟು ಸರಿಯಾಗಿತ್ತೆಂದರೆ ಹಾಗೇ ಎತ್ತಿಕೊಳ್ಳೋಣ ಅನಿಸಿತು. ಆದರೆ ದಕ್ಕಲಿಲ್ಲ ಎನ್ನುವಲ್ಲಿ ಕೂಸನ್ನು ಕಳಕೊಂಡವರು ಯಾರೋ ಅವರೇ ಮಾತಾಡುತ್ತಿದ್ದಾರೆ, ನಾನು ಬರೆದರೆ ದಕ್ಕಿಸಿಕೊಳ್ಳಲಾಗಲಿಲ್ಲ ಎಂದು ತಾಯಿಯ ಮೇಲೆ ಹೊರಿಸಿದಂತೆ ಆಗಬಹುದು. ಕೊನೆಗೆ ‘ಕೂಸಿನ ಸುದ್ದಿ ತಿಳಿಯಿತು’ ಎಂದು ಬರೆದೆ. ಸಾವಿಗೆ ಪದವೇ ಬಳಸಲಿಲ್ಲ. ಏನು ಸುದ್ದಿ ಎಂದು ಆ ಮನೆಯಲ್ಲಿ ಯಾರೂ ಕೇಳುವಂತಿರಲಿಲ್ಲ.

ಆ ಕಾಗದಕ್ಕೆ ಸಹಿ ಮಾಡಿಸಲು ಹೆಡ್ ಮಾಸ್ತರರ ಬಳಿ ಹೋದೆ. ಅವರು ಹಾಳೆಯನ್ನು ತಿರುಗಿಸಿ ಹಿಂದೆ ಇನ್ನೇನಾದರೂ ಇದೆಯೇ ಎಂದು ನೋಡಿದರು.

‘ಇಷ್ಟ ಏನ್ರಿ ಮಾಸ್ತರ? ಮೊದಲ ಎಷ್ಟ ಛಲೋ ಬರೀತಿದ್ರಿ!’

ಇಷ್ಟೇ ಸರ ಅಂದೆ. ಅವರು ಸಹಿ ಹಾಕಿ, ಶಾಲೆಯ ಸೀಲು ಒತ್ತಲು ಹೊರಟರು. ಸೀಲು ಬೇಡ ಎಂದು ಕೈ ಹಿಡಿದೆ.